ಪಡ್ಡಿನ ಹುಳಿ

ವೀರೇಶ ತೀರಿಕೊಂಡ ಮೇಲೆ ಹೆಂಡತಿ ಪೂರ್ಣಿಮಾ, ಅತ್ತೆ ಮಾಲವ್ವನ ಜೊತೆ ದಾಂಡೇಲಿಯ ಇಡ್ಲಿ ಅಂಗಡಿಯಲ್ಲಿ ನಿಲ್ಲುತ್ತಿದ್ದಳು. ಹಿಂದಿನ ದಿನ ಊರು ಬಂದ್ ಆಗಿ ಹಿಟ್ಟು ಉಳಿದಿತ್ತು. ಹಿಟ್ಟು ಹುಳಿಯಾಗಿ ಇಡ್ಲಿಯ ಹದ ದಾಟಿದರೆ ದೋಸೆ, ಅದೂ ದಾಟಿದರೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಪಡ್ಡು. ಆಮೇಲೆ ಚೆಲ್ಲುವುದೊಂದೇ ದಾರಿ.

"ನೆಕ್ಕಿ ನೋಡವಾ, ಪಡ್ಡಿಗೆ ನಡೀತೈತೇನು?" ಮಾಲವ್ವ ಎಂದಿನಂತೆ ಕೇಳಿದಳು.

ಪೂರ್ಣಿಮಾ ಬೆರಳದ್ದಿ ನೆಕ್ಕಿದಳು. "ಬರೋಬರಿ ಐತ್ರಿ, ಅತ್ತಿ."

ದಿನದ ಗಿರಾಕಿ ದ್ಯಾಮಪ್ಪ ಮೊದಲ ಪಡ್ಡು ಬಾಯಿಗಿಟ್ಟವನೇ ಒಂದು ಕಣ್ಣು ಮುಚ್ಚಿದ. "ಏನಕ್ಕಾ, ಹುಣಸಿಹಣ್ಣು ರುಬ್ಬೀರೇನು?"

ಕೂತವರು ನಕ್ಕರು. ಇವತ್ತು ಎದ್ದುಹೋದವರು ನಾಳೆ ಬರುವುದಿಲ್ಲ ಎಂದು ಪೂರ್ಣಿಮಾಗೆ ಗೊತ್ತಿತ್ತು.

"ನನಗ ರುಚಿನs ಗೊತ್ತಾಗವಲ್ದು, ಅತ್ತಿ. ಅವರು ಹೋದಾಗಿಂದ."

ಮಾಲವ್ವ ಬೈಯಲಿಲ್ಲ. "ನನಗರ ಎಲ್ಲಿ ಗೊತ್ತಾಗತೈತಿ? ಅದಕ್ಕs ದಿನಾ ನಿನ್ನ ಕೇಳತಿದ್ನಿ."

ಮಾಲವ್ವ ಹುಳಿ ತಗ್ಗಲೆಂದು ಹಿಟ್ಟಿಗೆ ರವೆ, ಅಕ್ಕಿಹಿಟ್ಟು ಕಲಸಿ, ಹೊಸ ಪಡ್ಡು ತೆಗೆದು ದ್ಯಾಮಪ್ಪನ ಮುಂದಿಟ್ಟಳು.

"ತಿಂದು ಹೇಳಪಾ. ಖರೇ ಹೇಳಬೇಕ ಮತ್ತ."

ಅವನು ಈ ಸಲ ನಗಲಿಲ್ಲ. ನಿಧಾನಕ್ಕೆ ಅಗಿದ.

"ಇನ್ನೊಂದೀಟು ಅಕ್ಕಿಹಿಟ್ಟು ಹಾಕ್ರಿ."

ಪೂರ್ಣಿಮಾ ಅಕ್ಕಿಹಿಟ್ಟಿನ ಡಬ್ಬಿ ತೆರೆದಳು.