ಡಬ್ಬಿ ಹೇಳದ್ದು

ಗಿಡಮೂಲಿಕೆ ಮಾತ್ರೆ ಶುರುಮಾಡಿದ ಎರಡೇ ದಿನಕ್ಕೆ ಅತ್ತೆಯ ಮಂಡಿನೋವು ಮಾಯವಾಗಿತ್ತು. ತಿಂಗಳುಗಟ್ಟಲೆ ನುಂಗಿದ ಮೇಲೆ ಈಗ ಮುಖ ಊದಿ, ಸಕ್ಕರೆ ಏರಿತ್ತು.

“ಬರೀ ಬೇರು, ಎಲೆ ಕಣೇ! ಡಬ್ಬಿ ಮೇಲೇ ಬರೆದಿದೆ,” ಎಂದರು ಅತ್ತೆ, ಕ್ಲಿನಿಕ್ಕಿನಲ್ಲಿ ನನಗೆ ಡಬ್ಬಿ ತೋರಿಸುತ್ತಾ.

“ಹೆಸರು ಬರೀದೇ ಸ್ಟೀರಾಯ್ಡ್ ಬೆರೆಸಿದ್ರೆ ಡಬ್ಬಿ ಹೇಳುತ್ತಾ ಅಮ್ಮಾ? ಲ್ಯಾಬೇ ಹೇಳ್ಬೇಕು,” ಎಂದರು ಡಾಕ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ಡಬ್ಬಿ ಕಿತ್ತುಕೊಂಡು ಕಸದಬುಟ್ಟಿಗೆ ಎಸೆದೆ. “ಇವತ್ತಿಂದ ಬಂದ್!”

“ಅಯ್ಯೋ, ಎತ್ಕೊಳ್ಳಮ್ಮ! ಅದನ್ನೇ ಲ್ಯಾಬಿಗೆ ಕಳಿಸ್ಬೇಕು. ಸ್ಟೀರಾಯ್ಡ್ ಇದ್ದು, ಮೈ ಅದಕ್ಕೆ ಒಗ್ಗಿರೋವಾಗ ಥಟ್ಟಂತ ಬಿಟ್ರೆ ಜೀವಕ್ಕೇ ಕುತ್ತು. ಇವತ್ತೇ ರಕ್ತ ನೋಡಿ, ಬೇರೆ ಔಷಧಿ ಕೊಟ್ಟು ನಿಧಾನಕ್ಕೆ ಡೋಸ್ ಇಳಿಸ್ತೀನಿ.”

ನಾನು ಬಗ್ಗಿ ಬುಟ್ಟಿಗೆ ಕೈಹಾಕಿದೆ. ಅತ್ತೆ ಮಂಡಿ ಸವರಿಕೊಳ್ಳುತ್ತಾ ಮೆಲ್ಲಗೆ ಕೇಳಿದರು:

“ಬಿಡೋಕೂ ಹೆದರ್ಬೇಕು ಅಂತ ಎಲ್ಲಿ ಬರೆದಿದಾರೆ, ನೋಡೇ.”