ಬಣ್ಣದಂಗಡಿಯ ಹೊಸ ಲೆಕ್ಕ

ಬಣ್ಣದ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದವನು ತಮ್ಮ, ಹಿಂದಿನ ಮೇಜಿನಲ್ಲಿ ಲೆಕ್ಕ ಬರೆಯುತ್ತಿದ್ದವಳು ಅಕ್ಕ. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸು, ಬೋರ್ಡು, ಬ್ಯಾಂಕಿನ ಖಾತೆ ಎಲ್ಲವೂ ತಮ್ಮನ ಹೆಸರಿಗೆ ಹೋದವು. ಅಕ್ಕನ ಪಾಲಿಗೆ ಬಂದದ್ದು ರಿಜಿಸ್ಟರುಗಳು. ಅವಳಿಗೇನೂ ಬೇಜಾರಿರಲಿಲ್ಲ. ಯಾವ ಮಾಲು ತರಿಸಬೇಕು, ಯಾರಿಗೆ ಉದ್ರಿ ಕೊಡಬೇಕು ಎಂಬುದಕ್ಕೆಲ್ಲ ತಮ್ಮ ಅವಳ ಮೇಜಿನ ಹತ್ತಿರ ಬಂದು, "ಅಕ್ಕಾ, ಏನ್ ಮಾಡೋಣ?" ಅನ್ನಲೇಬೇಕಿತ್ತು. ರಿಜಿಸ್ಟರು ಬಿಡಿಸಿ ನೋಡುವ ತಾಳ್ಮೆ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. ಆ ಪ್ರಶ್ನೆಯೊಂದೇ ಅಂಗಡಿಯಲ್ಲಿ ಅವಳಿಗಿದ್ದ ಹಕ್ಕು.

ಆಡಿಟರು, "ಇನ್ನು ಈ ಪುಸ್ತಕದ ಮೂಟೆ ಹೊತ್ಕೊಂಡು ಬರ್ಬೇಡಿ, ಯಾವುದಾದ್ರೂ ಆ್ಯಪ್ ಹಾಕ್ಕೊಳ್ಳಿ" ಅಂದದ್ದೇ ತಡ, ತಮ್ಮ ಜಾಹೀರಾತಿನಲ್ಲಿ ಕಂಡ ಮೊದಲನೆಯದನ್ನೇ ಇಳಿಸಿಕೊಂಡುಬಿಟ್ಟ. ಅಕ್ಕ ಬಿಡುತ್ತಾಳೆಯೇ? ಹತ್ತು ಸುಳ್ಳು ಬಿಲ್ಲು ಹಾಕಿ ಪರೀಕ್ಷೆ ಮಾಡಿದಳು. ಇಂಟರ್ನೆಟ್ ಹೋದರೆ ಅದು ಬಾಯಿ ಮುಚ್ಚಿಕೊಂಡು ಕೂರುತ್ತಿತ್ತು. ಎರಡನೆಯದು ಚೆಂದವಾಗಿತ್ತು, ಆದರೆ ಅಂಗಡಿಯದೇ ಲೆಕ್ಕವನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಲು ಬಿಡುತ್ತಿರಲಿಲ್ಲ. "ನಾಳೆ ಇದನ್ನ ಬಿಡ್ಬೇಕು ಅಂದ್ರೆ ಲೆಕ್ಕಾನೂ ಬಿಟ್ಟು ಬರ್ಬೇಕಾ? ಚೆನ್ನಾಗಿದೆ ಕಣೋ ವ್ಯಾಪಾರ!" ಎಂದು ಅದನ್ನೂ ಅಳಿಸಿದಳು.

ಮೂರನೆಯದು ಅವಳ ಮನಸ್ಸಿಗೆ ಹಿಡಿಸಿತು. ಇಂಟರ್ನೆಟ್ ಇಲ್ಲದಿದ್ದರೂ ಬಿಲ್ಲು ಹಾಕಬಹುದು, ಬಂದ ಮೇಲೆ ತಾನಾಗಿ ಬ್ಯಾಕಪ್ ಆಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾರು ಏನು ನೋಡಬೇಕು, ಯಾರು ಅಳಿಸಬಹುದು ಅನ್ನುವುದನ್ನು ಮಾಲೀಕರು ತೀರ್ಮಾನಿಸಬಹುದು. "ಇದೇ ಬೇಕಾಗಿದ್ದು! ಕೌಂಟರಿಗೆ ಯಾರನ್ನೇ ಕೂರಿಸಿದ್ರೂ ಹಳೇ ಬಿಲ್ಲಿಗೆ ಕೈ ಹಾಕೋ ಹಾಗಿಲ್ಲ" ಎಂದು ತಮ್ಮನಿಗೆ ಬಿಡಿಸಿ ಬಿಡಿಸಿ ಹೇಳಿದಳು. 'ಮಾಲೀಕರ ನಂಬರ್' ಎಂದು ಕೇಳಿದಾಗ ಬೋರ್ಡಿನ ಮೇಲಿದ್ದ ತಮ್ಮನ ನಂಬರನ್ನೇ ಒತ್ತಿದಳು. ತನ್ನ ನಂಬರನ್ನು 'ಸಿಬ್ಬಂದಿ'ಗೆ ಸೇರಿಸಿ, ಎಲ್ಲ ಅನುಮತಿಗಳಿಗೂ ತಾನೇ ಟಿಕ್ ಹಾಕಿದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಮಾಲೀಕ ಯಾರು, ಸಿಬ್ಬಂದಿ ಯಾರು ಅನ್ನುವ ಲೆಕ್ಕ ಯಾಕೆ ಬೇಕು?

ರಿಜಿಸ್ಟರನ್ನು ಒಮ್ಮೆಲೇ ಮುಚ್ಚಲಿಲ್ಲ. ಮೊದಲು ನಗದು ಮಾರಾಟ ಮಾತ್ರ, ಪುಸ್ತಕದಲ್ಲೂ ಫೋನಿನಲ್ಲೂ. ಅಂಗಡಿ ಮುಚ್ಚುವ ಮೊದಲು ಎರಡನ್ನೂ ತಾಳೆ ನೋಡುವಳು. ಆಮೇಲೆ ಪ್ರತಿಯೊಬ್ಬ ಗಿರಾಕಿಯ ಹಳೆಯ ಬಾಕಿಯನ್ನು ಆರಂಭದ ಬಾಕಿಯಾಗಿ ತುಂಬಿದಳು. ಒಂದು ಸಂಜೆ ಫೋನಿನ ಮಾರಾಟ ಪುಸ್ತಕಕ್ಕಿಂತ ಜಾಸ್ತಿ ಬಂತು. ನೋಡಿದರೆ, ಪೇಂಟರೊಬ್ಬ ತೀರಿಸಿದ ಹಳೆಯ ಉದ್ರಿಯನ್ನು ತಮ್ಮ ಹೊಸ ಮಾರಾಟ ಎಂದು ಹಾಕಿದ್ದ. "ಅಯ್ಯೋ ಮಂಕೇ, ಇದು ವಸೂಲಿ ಕಣೋ, ಮಾರಾಟ ಅಲ್ಲ" ಎಂದು ನಗುತ್ತಾ ತಿದ್ದಿಸಿದಳು. ಅವನೂ ತಲೆ ಕೆರೆದುಕೊಂಡು ನಕ್ಕ. ಕೊನೆಗೆ ಡಬ್ಬಗಳನ್ನೆಲ್ಲ ಎಣಿಸಿ ದಾಸ್ತಾನು ತುಂಬಿದಳು. ಯಾವ ಗುಂಡಿ ಒತ್ತಿದರೆ ಏನು ಕಾಣುತ್ತದೆ ಎಂದು ಅವನಿಗೆ ಕೈ ಹಿಡಿದು ಕಲಿಸಿದಳು.

ಎರಡು ಲೆಕ್ಕವೂ ಪೈಸೆ ತಪ್ಪದೆ ಕೂಡಿಬಂದ ತಿಂಗಳು ಅವಳೇ ರಿಜಿಸ್ಟರುಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿಸಿದಳು. ಅವಳ ಎದೆ ಹಗುರಾಗಿತ್ತು.

ಮರುವಾರ ದಾಸ್ತಾನು ನೋಡಲು ಫೋನು ತೆಗೆದರೆ ಪರದೆಯ ಮೇಲೆ ಒಂದೇ ಸಾಲು: 'ನಿಮಗೆ ಅನುಮತಿ ಇಲ್ಲ. ಮಾಲೀಕರನ್ನು ಕೇಳಿ.' ಖರೀದಿ ಒತ್ತಿದಳು, ಅದೇ. ಲಾಭ ನಷ್ಟ ಒತ್ತಿದಳು, ಅದೇ. ಬಿಲ್ಲು ಹಾಕುವುದೊಂದು ಮಾತ್ರ ತೆರೆಯಿತು.

ಮಾಲೀಕರು ಮೂರು ಹೆಜ್ಜೆ ಆಚೆ ಕೂತು ಚಹಾ ಕುಡಿಯುತ್ತಿದ್ದರು!

"ಏನೋ ಇದು?"

"ನಾನೇ ತೆಗ್ದೆ ಅಕ್ಕಾ. ಅದೆಲ್ಲ ಯಾಕೆ ನಿನ್ ತಲೆಗೆ? ಈಗ ನಂಗೇ ಎಲ್ಲ ಕಾಣ್ಸುತ್ತಲ್ಲ. ಇಷ್ಟು ವರ್ಷ ಕಷ್ಟಪಟ್ಟಿದೀಯ, ಬಿಲ್ ಹಾಕ್ಕೊಂಡು ಆರಾಮಾಗಿರು."

ಅವನ ದನಿಯಲ್ಲಿ ಕೋಪವಿದ್ದಿದ್ದರೆ ಜಗಳವಾಡಬಹುದಿತ್ತು. ಅದರಲ್ಲಿದ್ದದ್ದು ಕರುಣೆ. ಹೇಳಿಕೊಟ್ಟವಳು ನಾನು, ಆರಿಸಿದವಳು ನಾನು, ಈ ಬಾಗಿಲಿಗೆ ಬೀಗ ಇದೆ ಎಂದು ತೋರಿಸಿದವಳೂ ನಾನೇ! ತನ್ನ ಬುದ್ಧಿಗೆ ತಾನೇ ಹಿಡಿಶಾಪ ಹಾಕಿಕೊಂಡಳು.

ಮಧ್ಯಾಹ್ನ ಬಣ್ಣದ ಕಂಪನಿಯ ಮಾರಾಟದವನು ಬಂದ. ಯಾವಾಗಿನಂತೆ ಗಲ್ಲಾ ದಾಟಿ ನೇರ ಅವಳ ಮೇಜಿಗೇ ಬಂದು ನಿಂತ.

"ಅಕ್ಕಾ, ಈ ಸಲ ಹಳದಿ ಮೇಲೆ ಒಳ್ಳೆ ಸ್ಕೀಮ್ ಇದೆ. ಎಷ್ಟು ಹಾಕೋಣ?"

ಗೋದಾಮಿನಲ್ಲಿ ಹೋದ ವರ್ಷದ ಹಳದಿ ಡಬ್ಬಗಳು ಗೋಡೆಯುದ್ದಕ್ಕೂ ಹಾಗೇ ಕೂತಿವೆ. ಅವಳಿಗೆ ಅದು ಗೊತ್ತಾಗಲು ಫೋನು ಬೇಕಿರಲಿಲ್ಲ, ಎಣಿಸಿದವಳು ಅವಳೇ. ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ತಮ್ಮನ ಕಡೆ ನೋಡಿದಳು. ಅವನು ಫೋನಿನಿಂದ ತಲೆಯೆತ್ತಲಿಲ್ಲ, ಏನ್ ಮಾಡೋಣ ಅಂತ ಕೇಳಲೂ ಇಲ್ಲ.

"ನನಗೆ ಅನುಮತಿ ಇಲ್ಲಪ್ಪಾ," ಅಂದಳು. "ಮಾಲೀಕರನ್ನ ಕೇಳಿ."

"ನೂರು ಡಬ್ಬ ಹಾಕಿ," ಅಂದರು ಮಾಲೀಕರು.