ಸರದಿಯ ಹೆಸರು

ಹೆಂಡತಿಯನ್ನು ಬಿರುಗಾಳಿ ಎಂದು ಕರೆದ ಗಂಡಂದಿರು ಬೇಕಾದಷ್ಟು ಸಿಗುತ್ತಾರೆ. ಬಿರುಗಾಳಿಗೆ ಹೆಂಡತಿಯ ಹೆಸರಿಟ್ಟವರು ಮಾತ್ರ ನಮ್ಮ ಗಾಳಿ ಮೇಷ್ಟ್ರು ಒಬ್ಬರೇ ಇರಬೇಕು. ಅವರು ಶಾಲೆಯಲ್ಲಿ ಪಾಠ ಹೇಳಿದವರಲ್ಲ, ಹವಾಮಾನ ಕಚೇರಿಯ ಚಂಡಮಾರುತ ವಿಭಾಗದ ಹಿರಿಯ ಅಧಿಕಾರಿ. ಯಾರು ಏನು ಕೇಳಿದರೂ ಬೋರ್ಡಿನ ಮುಂದೆ ನಿಂತು ಅ ಆ ಇ ಈ ಇಂದ ಶುರು ಮಾಡುವ ಅವರ ಚಾಳಿಗೆ ಕಚೇರಿಯವರು ಕೊಟ್ಟ ಬಿರುದು ಅದು.

ಹೆಸರಿನ ಪಾಠವನ್ನಂತೂ ಅವರು ಸಾವಿರ ಸಲ ಹೇಳಿರಬೇಕು. ಅವರ ಕಚೇರಿ ಕಾಯುವ ಸಮುದ್ರದ ಬಿರುಗಾಳಿಗಳಿಗೆ ಆರು ಪಟ್ಟಿಗಳಿವೆ, ವರ್ಷಕ್ಕೊಂದರಂತೆ. ಪಟ್ಟಿಯಲ್ಲಿ ಗಂಡು ಹೆಸರು, ಹೆಣ್ಣು ಹೆಸರು ಒಂದಾದ ಮೇಲೊಂದು, ಅಕ್ಷರಮಾಲೆಯ ಕ್ರಮದಲ್ಲಿ. ಗಾಳಿಯ ವೇಗ ಗಂಟೆಗೆ ಅರವತ್ತಮೂರು ಕಿಲೋಮೀಟರ್ ಮುಟ್ಟಿತೋ, ಸರದಿಯಲ್ಲಿ ಮುಂದಿರುವ ಹೆಸರು ಅದಕ್ಕೆ. ಏಳನೆಯ ವರ್ಷಕ್ಕೆ ಮತ್ತೆ ಮೊದಲ ಪಟ್ಟಿ. ಯಾವುದಾದರೂ ಗಾಳಿ ಜನರ ಮನೆ ಮುರಿದು ಹೋದರೆ, ಪೆಟ್ಟು ತಿಂದ ದೇಶ, ಸುತ್ತಲಿನ ದೇಶಗಳೆಲ್ಲ ವರ್ಷಕ್ಕೊಮ್ಮೆ ಸೇರುವ ಸಮಿತಿಯಲ್ಲಿ ಕೇಳಿಕೊಳ್ಳಬಹುದು: ಈ ಹೆಸರು ಇನ್ನು ಬೇಡ. ಸಮಿತಿ ಒಪ್ಪಿದರೆ ಅದನ್ನು ತೆಗೆದು, ಅದೇ ಅಕ್ಷರದ ಬೇರೊಂದು ಹೆಸರು ಸೇರಿಸುತ್ತಾರೆ. ಸತ್ತವರ ಮನೆಯವರು ಆರು ವರ್ಷಕ್ಕೊಮ್ಮೆ ರೇಡಿಯೋದಲ್ಲಿ ಅದೇ ಹೆಸರು ಕೇಳಬಾರದಲ್ಲ, ಅಷ್ಟೇ ಇದರ ಮರ್ಮ.

ಹೀಗೆ ಒಂದು ಹೆಸರು ತೆಗೆದ ವರ್ಷ, ಬದಲಿಗೆ ಕೆಲವು ಹೆಸರು ಸೂಚಿಸುವ ಕೆಲಸ ಮೇಷ್ಟ್ರ ಪಾಲಿಗೆ ಬಂತು. ಚಿಕ್ಕದಿರಬೇಕು, ಎಲ್ಲರ ನಾಲಿಗೆಗೂ ಹೊರಳಬೇಕು, ಇಂಥ ಅಕ್ಷರದ ಹೆಣ್ಣು ಹೆಸರಾಗಬೇಕು. ಹೆಂಡತಿಯ ಹೆಸರು ಎದುರಿಗೇ ಇತ್ತು. ಬೇಕಾದವರ ಹೆಸರನ್ನು ಪಟ್ಟಿಗೆ ಕೊಡಬಾರದು ಎಂದು ಕಚೇರಿಯ ಹಿರಿಯರು ಹೇಳುತ್ತಿದ್ದ ಮಾತು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಅದು ಹಳೇ ಕಾಲದವರ ಪುಕ್ಕಲುತನ ಎಂದುಕೊಂಡು ಬರೆದೇಬಿಟ್ಟರು. ಸಮಿತಿ ಅದನ್ನೇ ಆರಿಸಿತು.

ಮನೆಗೆ ಬಂದು ಹೇಳಿದಾಗ ಹೆಂಡತಿ ಒಗ್ಗರಣೆ ಸೌಟು ಹಿಡಿದುಕೊಂಡೇ ನಕ್ಕಳು. ನಗುವುದಕ್ಕೆ ಕಾರಣವಿತ್ತು. ಮದುವೆಯಾದಾಗಿನಿಂದ ಮೇಷ್ಟ್ರು ಅವಳನ್ನು ಹೆಸರು ಹಿಡಿದು ಕರೆದವರೇ ಅಲ್ಲ. ‘ಏ ಇವಳೇ’, ‘ಕೇಳಿಸ್ತಾ’, ‘ಎಲ್ಲಿದೀಯ’, ಇಷ್ಟರಲ್ಲೇ ಸಂಸಾರ ಸಾಗಿತ್ತು. ಮೊದಮೊದಲು ಸಂಕೋಚ, ಆಮೇಲೆ ರೂಢಿ.

“ಮನೇಲಿ ಒಂದ್ಸಲನೂ ಕರೀಲಿಲ್ಲ, ಈಗ ಊರೆಲ್ಲ ಕರೀಲಿ ಅಂತ ಸಮುದ್ರಕ್ಕೆ ಕೊಟ್ಟು ಬಂದ್ರಾ?” ಎಂದಳು.

ಆ ಹೆಸರಿನ ಮೊದಲ ಗಾಳಿ ಬಂದಾಗ ಅವಳು ಇನ್ನೂ ಇದ್ದಳು. ಪಾಪದ ಗಾಳಿ. ನಡುಸಮುದ್ರದಲ್ಲಿ ಒಂದಿಷ್ಟು ಸುತ್ತಾಡಿ, ದಡದ ಕಡೆ ತಿರುಗಿಯೂ ನೋಡದೆ ತಣ್ಣೀರಿನ ಕಡೆ ಹೋಗಿ ಕರಗಿತು. ನನ್ನ ಸ್ವಭಾವ ಅದಕ್ಕೂ ಬಂದಿದೆ ಎಂದು ಅವಳು ವಾರಗಟ್ಟಲೆ ಹೇಳಿಕೊಂಡು ತಿರುಗಿದಳು. ಎರಡು ವರ್ಷಕ್ಕೆ ಅವಳಿಗೆ ಕಾಯಿಲೆ ಬಂತು. ಬಂದದ್ದು ಕರೆದುಕೊಂಡೇ ಹೋಯಿತು.

ಮಕ್ಕಳಿರಲಿಲ್ಲ. ಮನೆಯಲ್ಲಿ ಎರಡು ಕುರ್ಚಿ ಉಳಿದವು, ಕೂರುವವರು ಒಬ್ಬರೇ. ಸತ್ತವರ ಹೆಸರನ್ನು ಜನ ಮೊದಲು ಮೆಲ್ಲಗೆ ಹೇಳುತ್ತಾರೆ, ಆಮೇಲೆ ಹೇಳುವುದನ್ನೇ ಬಿಡುತ್ತಾರೆ. ಬ್ಯಾಂಕಿನ ಚೀಟಿಯಲ್ಲಿ, ಆಸ್ಪತ್ರೆಯ ಕಾಗದದಲ್ಲಿ ಇದ್ದ ಹೆಸರೂ ಒಂದೊಂದಾಗಿ ಹೋಯಿತು. ಅದು ಮತ್ತೆ ಯಾರದಾದರೂ ಬಾಯಿಗೆ ಬಂದೀತು ಎಂದು ಕಾಯಲು ಮೇಷ್ಟ್ರಿಗೆ ಉಳಿದದ್ದು ಪಟ್ಟಿ ಒಂದೇ. ನಗಬೇಡಿ, ಒಂಟಿಯಾಗಿ ಊಟ ಮಾಡುವವರಿಗೆ ಇಂಥದ್ದೂ ಒಂದು ಆಸರೆ.

ಅವಳ ಪಟ್ಟಿ ಮತ್ತೆ ಬಂದ ವರ್ಷ ಮೇಷ್ಟ್ರು ಒಂದು ಥರ ಹಬ್ಬಕ್ಕೆ ಕಾದಂತೆ ಕಾದರು. ಅವಳ ಅಕ್ಷರ ಹಿಂದೆ ಇತ್ತು. ಗಾಳಿ ಕಡಿಮೆಯಾದ ವರ್ಷ ಸರದಿ ಅಲ್ಲಿಯವರೆಗೆ ಬಾರದೆಯೂ ಹೋಗಬಹುದು, ಹಾಗಾದರೆ ಇನ್ನೂ ಆರು ವರ್ಷ. ಮರುವರ್ಷ ಅವರ ನೌಕರಿಯೂ ಮುಗಿಯುವುದಿತ್ತು. ಪ್ರತಿ ಗಾಳಿಗೂ ಒಂದು ಹೆಸರು ಹೋಗಿ, ಕಡೆಗೆ ಅವಳಿಗೆ ಮುಂಚಿನ ಹೆಸರೂ ಖರ್ಚಾದಾಗ ಅವರು ಅಂಗಿ ಇಸ್ತ್ರಿ ಮಾಡಿಸಿಕೊಂಡರು. ಆಸೆ ಒಂದೇ: ಬರಲಿ, ಹೆಸರು ಹೇಳಿಸಿಕೊಳ್ಳಲಿ, ಹೋದ ಸಲದಂತೆ ಯಾರಿಗೂ ತೊಂದರೆ ಕೊಡದೆ ಹೋಗಲಿ. ಆಗ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ಆರು ವರ್ಷಕ್ಕೊಮ್ಮೆಯಾದರೂ ಲೋಕ ಅವಳನ್ನು ಕರೆಯುತ್ತದೆ.

ಒಂದು ಬೆಳಿಗ್ಗೆ ಉಪಗ್ರಹದ ಚಿತ್ರದಲ್ಲಿ ಮೋಡ ಸುರುಳಿ ಕಟ್ಟಿತು. ಮಧ್ಯಾಹ್ನದ ಹೊತ್ತಿಗೆ ವೇಗ ಗಡಿ ದಾಟಿತು. ಪತ್ರಿಕೆಯವರ ಮುಂದೆ ಕೂತು ಮೇಷ್ಟ್ರು ಹೆಸರು ಓದಿದರು. ಹೋದ ಸಲ ಓದಿದವರು ಬೇರೆ ಯಾರೋ; ಅವಳ ಹೆಸರನ್ನು ಅವರು ಬಾಯಿ ಬಿಟ್ಟು ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಹೇಳಿದ ಮೇಲೆ ನೀರು ಕುಡಿಯಬೇಕಾಯಿತು.

ಈ ಸಲದ ಗಾಳಿ ಪಾಪದ್ದಾಗಿರಲಿಲ್ಲ. ಬಿಸಿನೀರಿನ ಮೇಲೆ ನಿಧಾನವಾಗಿ ನಡೆದು, ಹೆಜ್ಜೆಹೆಜ್ಜೆಗೂ ಬಲ ತುಂಬಿಕೊಂಡಿತು. ಗಾಳಿಯ ಮುಂದಿನ ದಾರಿ ಲೆಕ್ಕ ಹಾಕಿ ಎಳೆದ ಗೆರೆಗಳಲ್ಲಿ ಒಂದೆರಡು ಅದನ್ನು ಸಮುದ್ರದ ಕಡೆಗೇ ತಿರುಗಿಸುತ್ತಿದ್ದವು. ಮೇಷ್ಟ್ರ ಕಣ್ಣು ಆ ಗೆರೆಗಳ ಮೇಲೆ ಕೂತದ್ದು ನಿಜ. ಆದರೆ ಕೈ ಸುಳ್ಳು ಬರೆಯಲಿಲ್ಲ. ದಡಕ್ಕೆ ಬರುತ್ತದೆ, ಅಲೆ ಏರುತ್ತದೆ, ಜನ ಮೇಲಕ್ಕೆ ಹೋಗಬೇಕು ಎಂದು ಅವರೇ ಬರೆದು, ಅವರೇ ಓದಿದರು. ಬಹಳ ಜನ ಹೋದರು. ಒಂದು ಮೀನುಗಾರರ ಪೇಟೆಯಲ್ಲಿ ಕೆಲವರು, ಕಾಂಕ್ರೀಟಿನದು, ಗಟ್ಟಿಯಾಗಿದೆ ಎಂದು ಮೀನು ಹರಾಜಿನ ಕಟ್ಟಡದೊಳಗೆ ಸೇರಿಕೊಂಡರು. ಕಟ್ಟಡ ಅಲ್ಲಾಡಲಿಲ್ಲ, ನೀರು ಅದರೊಳಗೇ ನುಗ್ಗಿತು. ಹತ್ತೊಂಬತ್ತು ಜನ.

ಆಮೇಲೆ ಶುರುವಾಯಿತು ಹೆಸರಿನ ಮೆರವಣಿಗೆ. ಬಸ್ಸಿನಲ್ಲಿ, ಚಹಾ ಅಂಗಡಿಯಲ್ಲಿ, ಟೀವಿಯಲ್ಲಿ ಎಲ್ಲರ ಬಾಯಲ್ಲೂ ಅದೇ. ಕೊಲೆಗಾತಿ ಎಂದರು, ಪಿಶಾಚಿ ಎಂದರು, ಹೆಸರಿನ ಹಿಂದೆ ಮುಂದೆ ಬಾಯಿಗೆ ಬಂದದ್ದು ಸೇರಿಸಿದರು. ಇಷ್ಟು ವರ್ಷ ಯಾರಾದರೂ ಹೇಳಲಿ ಎಂದು ಹಂಬಲಿಸಿದ ಹೆಸರನ್ನು ಕೇಳಲಾರದೆ ಮೇಷ್ಟ್ರು ಬಸ್ಸು ಬಿಟ್ಟು ನಡೆದೇ ಮನೆಗೆ ಹೋಗತೊಡಗಿದರು.

ಹೆಸರು ತೆಗೆಸಬೇಕೇ ಎಂಬ ಮಾತು ಕಚೇರಿಯಲ್ಲಿ ಎದ್ದಿತು. ಇಷ್ಟು ಜನ ಸತ್ತರೆ ಹೆಸರು ಹೋಗಬೇಕು ಎಂದು ಎಲ್ಲೂ ಬರೆದಿಲ್ಲ, ಕೇಳುವುದು ಬಿಡುವುದು ದೇಶದ ಮನಸ್ಸು. ಇದಕ್ಕಿಂತ ಹೆಚ್ಚು ಕೊಂದ ಗಾಳಿಯ ಹೆಸರೂ ಪಟ್ಟಿಯಲ್ಲಿ ಉಳಿದದ್ದುಂಟು. ಅದು ಯಾರ ಹೆಸರೆಂದು ಬಲ್ಲ ಮುಖ್ಯಸ್ಥರು, ಈ ಸಲ ಸಮಿತಿಗೆ ಹೋಗುವವರು ನೀವೇ, ನೀವು ಹೇಗೆ ಹೇಳಿದರೂ ನಾನು ಸಹಿ ಹಾಕುತ್ತೇನೆ ಎಂದುಬಿಟ್ಟರು. ಸಂಜೆ ನಾದಿನಿ ಫೋನ್ ಮಾಡಿದಳು. ಅಕ್ಕನ ಹೆಸರನ್ನು ಜನ ಬಯ್ಯುವುದು ಕೇಳಿ ಅವಳೂ ಅತ್ತಿದ್ದಳು. ಆದರೂ ಅವಳ ಮಾತು ಬೇರೆಯೇ ಇತ್ತು.

“ತೆಗೆಸ್ಬೇಡಿ ಭಾವ. ಈಗ ತೆಗೆದ್ರೆ ಅಕ್ಕನ ಹೆಸರು ಅಂದ್ರೆ ಆ ಹತ್ತೊಂಬತ್ತು ಜನ ಅಂತಲೇ ಉಳಿಯತ್ತೆ. ಮತ್ತೆ ಒಂದ್ಸಲ ಸುಮ್ನೆ ಬಂದು ಹೋಗ್ಲಿ. ಜನ ಮರೀತಾರೆ.”

ಅದು ಸುಳ್ಳಲ್ಲ. ತೆಗೆದ ಹೆಸರು ಅಳಿಸಿಹೋಗುವುದಿಲ್ಲ, ಕೊನೆಯ ಗಾಳಿಗೇ ಅಂಟಿಕೊಂಡು ನಿಲ್ಲುತ್ತದೆ. ಮೇಷ್ಟ್ರು ನೋಡೋಣ ಎಂದರು. ಮನಸ್ಸಿನೊಳಗೆ ಉಳಿಸುವುದೆಂದೇ ಆಗಿತ್ತು.

ಆ ವಾರ ನೀರು ಎಷ್ಟು ಎತ್ತರ ಬಂದಿತ್ತೆಂದು ಅಳೆಯಲು ಅವರು ಆ ಪೇಟೆಗೆ ಹೋದರು. ಗೋಡೆಗೋಡೆಯ ಮೇಲೂ ಕೆಸರಿನ ಗೆರೆ. ಐಸ್ ಮಾರುವ ಅಂಗಡಿಯೊಂದರಲ್ಲಿ ಒಬ್ಬ ಹೆಂಗಸು ನೆಲ ತೊಳೆಯುತ್ತಿದ್ದಳು. ಮೇಷ್ಟ್ರು ಟೇಪು ಹಿಡಿದಾಗ ಅದರ ಇನ್ನೊಂದು ತುದಿಯನ್ನು ಅವಳೇ ನೆಲಕ್ಕೆ ಒತ್ತಿ ಹಿಡಿದಳು. ಗೆರೆ ಅವಳ ಗಂಡನ ಫೋಟೋಗಿಂತ ಮೇಲಿತ್ತು. ಗಂಡ ಹರಾಜು ಕಟ್ಟಡದಲ್ಲಿದ್ದವನು.

ನೀವು ಹವಾಮಾನದವರೇ ಎಂದು ಕೇಳಿದಳು. ಹೌದೆಂದರು. ಬಯ್ಯುತ್ತಾಳೆ ಎಂದು ಕಾದರು, ಅವಳು ಬಯ್ಯಲಿಲ್ಲ.

“ಅದರ ಹೆಸರು ನನ್ ಬಾಯಲ್ಲಿ ಬರಲ್ಲ ಸಾರ್,” ಎಂದಳು. “ರೇಡಿಯೋಲಿ ಹೇಳಿದ್ರೆ ಆಫ್ ಮಾಡ್ತೀನಿ. ಹೆಸರೆಲ್ಲ ಸುತ್ತಿ ಸುತ್ತಿ ಮತ್ತೆ ಬರತ್ತೆ ಅಂತಾರಲ್ಲ, ಇದೂ ಬರತ್ತಾ?”

“ಆರು ವರ್ಷಕ್ಕೆ ಬರಬಹುದು,” ಎಂದರು ಮೇಷ್ಟ್ರು. “ಯಾರಾದ್ರೂ ಬೇಡ ಅಂತ ಕೇಳಿದ್ರೆ ಬರಲ್ಲ.”

“ಯಾರು ಕೇಳ್ಬೇಕು?”

“ನಾನೇ,” ಎಂದರು.

ಅವಳು ತಲೆಯಾಡಿಸಿ ಟೇಪಿನ ತುದಿ ಬಿಟ್ಟಳು. ಕೇಳಿ ಎಂದೂ ಹೇಳಲಿಲ್ಲ, ಕೈ ಮುಗಿಯಲೂ ಇಲ್ಲ. ಪೊರಕೆ ತೆಗೆದುಕೊಂಡು ಕೆಲಸಕ್ಕೆ ತಿರುಗಿದಳು. ಅವಳು ಗೋಗರೆದಿದ್ದರೆ ಮೇಷ್ಟ್ರು ನಿಯಮ ಗಿಯಮ ಹೇಳಿ ತಪ್ಪಿಸಿಕೊಳ್ಳುತ್ತಿದ್ದರೋ ಏನೋ. ಗಂಡನ ಫೋಟೋದ ಕೆಳಗೆ ಒಬ್ಬಳೇ ನೆಲ ಉಜ್ಜುವ ಸದ್ದು ಅವರಿಗೆ ಚೆನ್ನಾಗಿ ಗೊತ್ತಿದ್ದ ಸದ್ದು. ತಮ್ಮ ಮನೆಯಲ್ಲೂ ಅದೇ. ಒಬ್ಬರ ಒಂಟಿತನ ಕಳೆಯಲು ಇನ್ನೊಬ್ಬರ ಗಾಯ ಕೆದಕಬೇಕೇ ಎಂದು ತಮ್ಮ ಮೇಲೆ ತಮಗೇ ಸಿಟ್ಟು ಬಂತು.

ಮುಂದಿನ ವಸಂತದಲ್ಲಿ ಸಮಿತಿ ಸೇರಿತು. ಉದ್ದನೆಯ ಮೇಜು, ಮುಚ್ಚಳ ತೆಗೆಯದ ನೀರಿನ ಬಾಟಲಿಗಳು. ಹೆಸರುಗಳ ವಿಷಯ ಬಂದಾಗ ಮೇಷ್ಟ್ರು ಎದ್ದು, ತಮ್ಮ ದೇಶದ ಪರವಾಗಿ ಈ ಹೆಸರನ್ನು ಕೈಬಿಡಬೇಕೆಂದು ಕೋರಿದರು. ಕಾರಣ ಹೇಳುವಾಗ ಹರಾಜು ಕಟ್ಟಡದ ಮಾತು ಹೇಳಿದರು. ಹೆಂಡತಿಯ ಮಾತು ಹೇಳಲಿಲ್ಲ. ಯಾರೂ ಬೇಡವೆನ್ನಲಿಲ್ಲ. ಬದಲಿ ಹೆಸರು ಆರಿಸಿದರು, ಅದೇ ಅಕ್ಷರದ ಇನ್ನೊಂದು ಹೆಣ್ಣು ಹೆಸರು. ಅದು ಯಾರ ಮನೆಯ ಹೆಸರೆಂದು ಕೇಳಬೇಕೆನ್ನಿಸಿದರೂ ಮೇಷ್ಟ್ರು ಕೇಳಲಿಲ್ಲ. ಮುಂದಿನ ವಿಷಯ ಮಳೆಮಾಪಕಗಳದ್ದು.

ಊರಿಗೆ ಬಂದು ಬೀಗ ತೆಗೆದಾಗ ಮಧ್ಯಾಹ್ನ. ಮುಚ್ಚಿದ ಮನೆಯ ವಾಸನೆ. ಚೀಲ ಕೆಳಗಿಟ್ಟು ಅಭ್ಯಾಸಬಲದಿಂದ ‘ಏ ಇವಳೇ’ ಎನ್ನಲು ಹೋಗಿ ತಡೆದರು. ಇನ್ನು ಯಾವ ರೇಡಿಯೋವೂ ಹೊಸದಾಗಿ ಆ ಹೆಸರು ಕರೆಯುವುದಿಲ್ಲ, ಯಾವ ಸಮುದ್ರವೂ ಅದಕ್ಕೆ ಓಗೊಡುವುದಿಲ್ಲ. ಕರೆಯುವುದಿದ್ದರೆ ತಾವೇ ಕರೆಯಬೇಕು.

ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಒಲೆಯ ಕಡೆ ನೋಡಿಕೊಂಡು, ಮೇಷ್ಟ್ರು ಅವಳ ಹೆಸರು ಹಿಡಿದು ಕರೆದರು. ಪತ್ರಿಕೆಯವರ ಮುಂದೆ ಓದಿದ ದನಿಯಲ್ಲಿ ಅಲ್ಲ, ಊಟಕ್ಕೆ ಕರೆಯುವ ದನಿಯಲ್ಲಿ. ಉತ್ತರ ಬರುವುದಿಲ್ಲವೆಂದು ಗೊತ್ತಿತ್ತು. ಆದರೂ ಇಷ್ಟು ವರ್ಷದ ಬಾಕಿ ಎಂದುಕೊಂಡು ಇನ್ನೊಮ್ಮೆ ಕರೆದರು.